ಗೋದಾಮಿನ ಸ್ಟಾಕ್ ಶೀಟ್: ಹಳೆಯ ಆವೃತ್ತಿಗೆ ಹೋದರೆ ಮಧ್ಯೆ ಬರೆದ ಲೆಕ್ಕ ಏನಾಗುತ್ತದೆ?

ನಾಪೋಕ್ಲು_ತೋಟ

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಕೆಲವು ಕಾಫಿ ತೋಟದವರು ಸೇರಿ ಒಂದು ಗೋದಾಮು ಇಟ್ಟುಕೊಂಡಿದ್ದೇವೆ. ಮೈಲುತುತ್ತ, ಸುಣ್ಣ, ಗೋಣಿಚೀಲ, ಏಣಿ, ಟಾರ್ಪಾಲು, ಸ್ಪ್ರೇಯರ್, ಎಲ್ಲ ಅಲ್ಲೇ ಇರುತ್ತದೆ. ಲೆಕ್ಕ ಗೂಗಲ್ ಶೀಟ್ಸ್‌ನಲ್ಲಿದೆ. ಎ ಕಾಲಂನಲ್ಲಿ ವಸ್ತು, ಬಿಯಲ್ಲಿ ಅಳತೆ, ಸಿಯಲ್ಲಿ ಈಗ ಎಷ್ಟಿದೆ ಅನ್ನುವ ಸಂಖ್ಯೆ. ಯಾರು ಏನು ತೆಗೆದುಕೊಂಡರೂ ಸಿ ಕಾಲಂನ ಸಂಖ್ಯೆ ತಿದ್ದುತ್ತಾರೆ. ಎಲ್ಲರಿಗೂ ತಿದ್ದುವ ಹಕ್ಕಿದೆ.

ಮಳೆಗೆ ಮೊದಲು ಬೋರ್ಡೋ ಹೊಡೆಯುವ ಸಮಯ. ಇವತ್ತು ಶೀಟ್ ತೆಗೆದರೆ ಮೈಲುತುತ್ತ 6 ಕೆಜಿ, ಏಣಿ 200 ಎಂದು ತೋರಿಸುತ್ತಿದೆ! ನಮ್ಮಲ್ಲಿರುವ ಏಣಿ ಆರೇ ಆರು. ಕೆಳಗಿನ ಒಟ್ಟು ಮೊತ್ತ ನೋಡಿದರೆ ಹೆಚ್ಚುಕಡಿಮೆ ಸರಿಯೇ ಇದೆ, ಅದಕ್ಕೇ ಯಾರಿಗೂ ಗೊತ್ತಾಗಿಲ್ಲ ಅನಿಸುತ್ತದೆ. ಹಳೆಯ ಆವೃತ್ತಿಗೆ ಮರಳುವ ಬಟನ್ ಇದೆ ಅಂತ ಗೊತ್ತು. ಆದರೆ ಎರಡು ದಿನದಲ್ಲಿ ಕೆಲವರು ಬೇರೆ ನಮೂದು ಮಾಡಿದ್ದಾರೆ. ಬಟನ್ ಒತ್ತಿದರೆ ಅವೂ ಹೋಗುತ್ತವೆಯೇ? ಮತ್ತೆ ಹೀಗಾಗದಂತೆ ಏನು ಮಾಡಬೇಕು?

ಸೋಮವಾರಪೇಟೆ_ಹಿರಿಯ

ಮೈಲುತುತ್ತ 6 ಕೆಜಿಗೆ ಇಳಿದಿದೆ ಅಂದರೆ ಮೊದಲು ಗೋದಾಮಿನ ಬೀಗದ ಕೈ ಯಾರ ಹತ್ತಿರ ಇತ್ತು ವಿಚಾರಿಸಿ ಅಮ್ಮ. ಈಗಿನ ಬೆಲೆಯಲ್ಲಿ ಅದು ಸಣ್ಣ ಮಾತಲ್ಲ. ಕಂಪ್ಯೂಟರ್ ಆಮೇಲೆ ನೋಡಿಕೊಳ್ಳಬಹುದು.

ನಾಪೋಕ್ಲು_ತೋಟ

ಅಂಕಲ್, ಮಾಲು ಹೋಗಿಲ್ಲ. ಚೀಲಗಳು ಕಣ್ಣೆದುರೇ ಇವೆ. ಶೀಟಿನ ಸಂಖ್ಯೆ ಮಾತ್ರ ತಪ್ಪಾಗಿದೆ.

ವಿರಾಜಪೇಟೆ_ಹುಡುಗ

ಅಕ್ಕ, ತುಂಬ ಸುಲಭ. `File > Version history > See version history` ಒತ್ತಿ, ಎರಡು ದಿನದ ಹಿಂದಿನದನ್ನು ಆರಿಸಿ `Restore this version` ಕೊಡಿ. ಮುಗೀತು. ಗೂಗಲ್ ಎಲ್ಲವನ್ನೂ ಇಟ್ಟುಕೊಂಡಿರುತ್ತದೆ, ಬ್ಯಾಕಪ್ ಚಿಂತೆಯೇ ಬೇಡ.

ಮೂರ್ನಾಡು_ಲೆಕ್ಕ

ಸ್ವಲ್ಪ ತಡೆಯಿರಿ, ಈಗಲೇ ಒತ್ತಬೇಡಿ. ತಮ್ಮ ಹೇಳಿದ ಜಾಗ ಸರಿ. ಆದರೆ ಮರಳಿಸಿದರೆ ಫೈಲ್ ಇಡಿಯಾಗಿ ಹಿಂದೆ ಹೋಗುತ್ತದೆ, ಒಂದು ಕಾಲಂ ಅಥವಾ ಒಂದು ಟ್ಯಾಬ್ ಮಾತ್ರ ಅಲ್ಲ. ಅದೇ ಫೈಲಿನಲ್ಲಿ ಬಾಡಿಗೆ ಲೆಕ್ಕದ ಟ್ಯಾಬ್ ಇದ್ದರೆ ಅದೂ ಎರಡು ದಿನ ಹಿಂದಕ್ಕೆ. ಈಗಿನ ಸ್ಥಿತಿ ಅಳಿಸಿಹೋಗುವುದಿಲ್ಲ, ಅದೂ ಇತಿಹಾಸದಲ್ಲಿ ಒಂದು ಆವೃತ್ತಿಯಾಗಿ ಉಳಿಯುತ್ತದೆ, ಬೇಕಾದರೆ ಮತ್ತೆ ಇಲ್ಲಿಗೇ ಬರಬಹುದು. ಆದರೆ ಮಧ್ಯದ ನಮೂದುಗಳನ್ನು ಅದು ತಾನಾಗಿ ಸೇರಿಸಿಕೊಡುವುದಿಲ್ಲ.

ಒಂದು ಪ್ರಶ್ನೆ. ಸಿ ಕಾಲಂ ಮೇಲಿನಿಂದ ಕೆಳಗೆ ಓದಿ. ಸಂಖ್ಯೆಗಳು ಚಿಕ್ಕದರಿಂದ ದೊಡ್ಡದಕ್ಕೆ ಏರುತ್ತಾ ಹೋಗಿವೆಯಾ?

ನಾಪೋಕ್ಲು_ತೋಟ

ಹೌದು ಸರ್! ಒಂದೆರಡು ಬಿಟ್ಟರೆ ಎಲ್ಲ ಏರಿಕೆಯಲ್ಲೇ ಇವೆ. ಮೊದಲ ಐದು ಸಾಲು ಹೀಗಿವೆ: ಮೈಲುತುತ್ತ 6, ಸುಣ್ಣ 185, ಗೋಣಿಚೀಲ 230, ಏಣಿ 200, ಟಾರ್ಪಾಲು 642.

ಮೂರ್ನಾಡು_ಲೆಕ್ಕ

ಹಾಗಾದರೆ ಗೊತ್ತಾಯಿತು. ಯಾರೋ ಸಿ ಕಾಲಂ ಮಾತ್ರ ಸೆಲೆಕ್ಟ್ ಮಾಡಿ `Data > Sort range` ಕೊಟ್ಟಿದ್ದಾರೆ. `Sort range` ಅಂದರೆ ಆರಿಸಿದಷ್ಟು ಭಾಗವನ್ನು ಮಾತ್ರ ಜೋಡಿಸುತ್ತದೆ. ವಸ್ತುಗಳ ಹೆಸರು ಇದ್ದಲ್ಲೇ ಉಳಿಯಿತು, ಸಂಖ್ಯೆಗಳು ಮಾತ್ರ ಸಾಲು ಬದಲಿಸಿದವು. ಸಂಖ್ಯೆಗಳು ಅವೇ ಆಗಿರುವುದರಿಂದ ಮೊತ್ತ ಕೂಡ ಬದಲಾಗುವುದಿಲ್ಲ. ಅದಕ್ಕೇ ಕೆಳಗಿನ ಒಟ್ಟು ನಿಮಗೆ ಎಚ್ಚರಿಕೆ ಕೊಡಲಿಲ್ಲ. ಕೆಜಿಯನ್ನೂ ಏಣಿಯನ್ನೂ ಕೂಡಿಸಿದ ಮೊತ್ತದಿಂದ ಯಾವ ತಪ್ಪೂ ಹಿಡಿಯಲು ಆಗುವುದಿಲ್ಲ, ಆ ಸಾಲನ್ನು ತೆಗೆದೇ ಬಿಡಿ.

ಈಗ ರಿಪೇರಿ. ಮೊದಲು ಎಲ್ಲರ ಹಕ್ಕನ್ನೂ ಇವತ್ತಿನ ಮಟ್ಟಿಗೆ `Viewer` ಮಾಡಿ, ಹೊಸ ನಮೂದು ಬೀಳದಿರಲಿ. `File > Version history > Name current version` ಕೊಟ್ಟು ಈಗಿನ ಸ್ಥಿತಿಗೆ ಒಂದು ಹೆಸರಿಡಿ. ಹೆಸರಿಟ್ಟರೆ ಹುಡುಕುವುದು ಸುಲಭ. ಹೆಸರಿಲ್ಲದ ಆವೃತ್ತಿಗಳನ್ನು ಗೂಗಲ್ ಕಾಲಕ್ರಮದಲ್ಲಿ ಒಟ್ಟುಗೂಡಿಸುವುದೂ ಉಂಟು. ಆಮೇಲೆ ಇತಿಹಾಸದಲ್ಲಿ ಸಿ ಕಾಲಂ ಪೂರ್ತಿ ಬಣ್ಣವಾಗಿ ಕಾಣುವ ಆವೃತ್ತಿ ಹುಡುಕಿ. ಪಕ್ಕದ ಬಾಣದ ಗುರುತು ಒತ್ತಿದರೆ ಸಣ್ಣ ಸಣ್ಣ ಹಂತಗಳೂ ಬಿಚ್ಚಿಕೊಳ್ಳುತ್ತವೆ. ಅದು ಸಿಕ್ಕಿದ ಮೇಲೆ, ಅದಕ್ಕಿಂತ ಹಿಂದಿನದು ಒಂದು, ಸಾರ್ಟ್ ಆದ ತಕ್ಷಣದ್ದು ಒಂದು, ಇವೆರಡರ ಪಕ್ಕದ ಮೂರು ಚುಕ್ಕಿ ಒತ್ತಿ `Make a copy` ಮಾಡಿ. ಮೂಲ ಫೈಲನ್ನು ಮುಟ್ಟಬೇಡಿ.

ಒಂದು ಖಾಲಿ ಶೀಟಿನಲ್ಲಿ ಎಯಲ್ಲಿ ವಸ್ತು, ಬಿಯಲ್ಲಿ ಸಾರ್ಟ್‌ಗೆ ಮುಂಚಿನ ಸಂಖ್ಯೆ, ಸಿಯಲ್ಲಿ ಸಾರ್ಟ್ ಆದ ತಕ್ಷಣದ ಸಂಖ್ಯೆ, ಡಿಯಲ್ಲಿ ಇವತ್ತಿನ ಸಂಖ್ಯೆ ಹಾಕಿ. ಇ ಕಾಲಂನಲ್ಲಿ ಇದು:

```
=B2+(D2-C2)
```

ಡಿಯಿಂದ ಸಿ ಕಳೆದರೆ ಸಾರ್ಟ್ ಆದ ಮೇಲೆ ಜನ ಮಾಡಿದ ಬದಲಾವಣೆ ಮಾತ್ರ ಉಳಿಯುತ್ತದೆ. ಅದನ್ನು ಹಳೆಯ ಸರಿ ಸಂಖ್ಯೆಗೆ ಸೇರಿಸುತ್ತಿದ್ದೇವೆ. ಮಾಡಿ ನೋಡಿ ಇಲ್ಲಿ ಹಾಕಿ.

ಕುಶಾಲನಗರ_ಅಂಗಡಿ

ನಮ್ಮದು ಹಾರ್ಡ್‌ವೇರ್ ಅಂಗಡಿ. ನಾವು ಎಕ್ಸೆಲ್ ಫೈಲನ್ನು ವಾಟ್ಸಾಪ್‌ನಲ್ಲಿ ಕಳಿಸಿಕೊಳ್ಳುತ್ತೇವೆ. ಬೆಳಿಗ್ಗೆ ಹುಡುಗ ತಿದ್ದಿ ಕಳಿಸುತ್ತಾನೆ, ಸಂಜೆ ನಾನು ತಿದ್ದಿ ಕಳಿಸುತ್ತೇನೆ. ದಿನಕ್ಕೊಂದು ಫೈಲ್ ಇರುವುದರಿಂದ ಹಳೆಯದು ಯಾವತ್ತೂ ಇದ್ದೇ ಇರುತ್ತದೆ. ಇದೇ ಒಳ್ಳೆಯದಲ್ಲವಾ?

ಮೂರ್ನಾಡು_ಲೆಕ್ಕ

ಇಬ್ಬರೇ ಇದ್ದು, ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರು ತೆರೆಯುವುದಾದರೆ ನಡೆಯುತ್ತದೆ. ಹುಡುಗ ಮಧ್ಯಾಹ್ನ ಇನ್ನೊಂದು ಸಲ ತಿದ್ದಿದ, ನೀವು ಬೆಳಗಿನ ಫೈಲನ್ನೇ ತಿದ್ದಿದಿರಿ ಅಂದರೆ ಎರಡು ಫೈಲೂ ಅರ್ಧ ಸರಿ. ಅವನ್ನು ಕೂಡಿಸುವುದು ಹೇಗೆ? ಇವರ ಹಾಗೆ ಇಷ್ಟು ಮನೆಯವರು ಬಳಸುವಲ್ಲಿ ಅದು ಆಗದ ಕೆಲಸ.

ನಾಪೋಕ್ಲು_ತೋಟ

ಸರ್, ಮಾಡಿದೆ. ಸಾರ್ಟ್‌ಗೆ ಮುಂಚೆ: ಮೈಲುತುತ್ತ 180, ಸುಣ್ಣ 200, ಗೋಣಿಚೀಲ 640, ಏಣಿ 6, ಟಾರ್ಪಾಲು 14.
ಸಾರ್ಟ್ ಆದ ತಕ್ಷಣ ಅದೇ ಸಾಲುಗಳಲ್ಲಿ: 6, 14, 180, 200, 640.
ಇವತ್ತು: 6, 185, 230, 200, 642.

ನಿಮ್ಮ ಫಾರ್ಮುಲಾ ಕೊಟ್ಟ ಉತ್ತರ: ಮೈಲುತುತ್ತ 180, ಸುಣ್ಣ 371, ಗೋಣಿಚೀಲ 690, ಏಣಿ 6, ಟಾರ್ಪಾಲು 16.

ಗೋಣಿಚೀಲ ಸರಿ, 50 ಹೊಸದು ಬಂದದ್ದು ನನಗೇ ಗೊತ್ತು. ಟಾರ್ಪಾಲು ಎರಡು ವಾಪಸ್ ಬಂದಿದೆ, ಅದೂ ಸರಿ. ಆದರೆ ಸುಣ್ಣ 371 ಹೇಗೆ? ಅಷ್ಟು ನಾವು ತರಿಸಿಯೇ ಇಲ್ಲ.

ಮೂರ್ನಾಡು_ಲೆಕ್ಕ

ಸುಣ್ಣದ ಸಾಲು ತಿದ್ದಿದವರನ್ನು ಕೇಳಬೇಕು. ಆ ಸೆಲ್ ಮೇಲೆ ರೈಟ್ ಕ್ಲಿಕ್ ಮಾಡಿ `Show edit history` ಕೊಟ್ಟರೆ ಯಾರು, ಯಾವಾಗ, ಮೊದಲು ಏನಿತ್ತು ಎಂದು ತೋರಿಸುತ್ತದೆ. ನನ್ನ ಊಹೆ ಹೀಗಿದೆ. ಗೋಣಿಚೀಲ ಬರೆದವರು ಪರದೆಯಲ್ಲಿ ಕಂಡ 180ಕ್ಕೆ 50 ಸೇರಿಸಿ 230 ಬರೆದರು. ಅಲ್ಲಿ ವ್ಯತ್ಯಾಸ ನಂಬಬಹುದು. ಸುಣ್ಣ ಬರೆದವರು ಪರದೆಯಲ್ಲಿ 14 ಕಂಡು, ಇದು ತಪ್ಪು ಎಂದು ಚೀಲ ಎಣಿಸಿ, ಎಣಿಸಿದ್ದನ್ನೇ ಬರೆದಿರಬೇಕು. ಅಲ್ಲಿ ನಂಬಬೇಕಾದ್ದು ವ್ಯತ್ಯಾಸವಲ್ಲ, ಬರೆದ ಸಂಖ್ಯೆಯೇ.

ಎರಡೂ ಶೀಟಿನಲ್ಲಿ ಒಂದೇ ರೀತಿ ಕಾಣುತ್ತವೆ, ಸಂಖ್ಯೆ ಬದಲಾಯಿತು ಎಂದಷ್ಟೇ. ಸೆಲ್‌ನಲ್ಲಿ ಏನಿತ್ತು ಎಂದು ಇತಿಹಾಸ ಹೇಳುತ್ತದೆ, ಗೋದಾಮಿನಲ್ಲಿ ಏನು ನಡೆಯಿತು ಎಂದು ಹೇಳುವುದಿಲ್ಲ. ನಿಮ್ಮ ಶೀಟಿನ ನಿಜವಾದ ದೌರ್ಬಲ್ಯ ಇದೇ. ಸಾರ್ಟ್ ಆದದ್ದರಿಂದ ಅದು ಹೊರಗೆ ಬಂತು ಅಷ್ಟೇ.

ನಾಪೋಕ್ಲು_ತೋಟ

ಕೇಳಿದೆ. ನೀವು ಹೇಳಿದ ಹಾಗೇ! ನಮ್ಮ ಪಕ್ಕದ ತೋಟದ ಅಣ್ಣ ಸ್ವತಃ ಎಣಿಸಿ 185 ಬರೆದಿದ್ದಾರೆ. ಹಾಗಾದರೆ 200ರಲ್ಲಿ 15 ಕೆಜಿ ಯಾರೋ ಬರೆಯದೆ ತೆಗೆದುಕೊಂಡಿದ್ದಾರೆ.

ಸೋಮವಾರಪೇಟೆ_ಹಿರಿಯ

ನಾನು ಮೊದಲು ಹೇಳಿದ್ದು ಈಗ ಉಪಯೋಗಕ್ಕೆ ಬಂತು ನೋಡಿ. ಮೈಲುತುತ್ತವನ್ನೂ ಎಣಿಸಿ. ಒಂದು ಪರ್ಸೆಂಟ್ ಬೋರ್ಡೋಗೆ 100 ಲೀಟರ್ ನೀರಿಗೆ ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ. 200 ಲೀಟರ್ ಬ್ಯಾರೆಲಿಗೆ ಎರಡೆರಡು. ಎರಡೂ ಜೊತೆಗೇ ಇಳಿಯಬೇಕು. 15 ಕೆಜಿ ಸುಣ್ಣ ಹೋಗಿ ಮೈಲುತುತ್ತ ಇಳಿಯದೇ ಇದ್ದರೆ ಅದು ಔಷಧಿ ಹೊಡೆಯಲು ಹೋದದ್ದಲ್ಲ, ಬೇರೆ ಕೆಲಸಕ್ಕೆ ಹೋಗಿದೆ.

ನಾಪೋಕ್ಲು_ತೋಟ

ಎಣಿಸಿದೆ ಅಂಕಲ್. ಮೈಲುತುತ್ತ ಸರಿಯಾಗಿ 180 ಇದೆ.

ಸೋಮವಾರಪೇಟೆ_ಹಿರಿಯ

ಹಾಗಾದರೆ ಯಾರ ಮನೆಯ ಗೋಡೆಗೆ ಸುಣ್ಣ ಬಳಿದಿದ್ದಾರೆ ನೋಡಿ, ಇಲ್ಲವೇ ಮೈಲುತುತ್ತ ಸ್ವಂತದ್ದು ಇದ್ದವರು ಸುಣ್ಣ ಮಾತ್ರ ಒಯ್ದಿರಬಹುದು. ಕಳ್ಳತನ ಅನ್ನುವ ಮಾತು ವಾಪಸ್ ತೆಗೆದುಕೊಂಡೆ.

ವಿರಾಜಪೇಟೆ_ಹುಡುಗ

ಮುಂದೆ ಹೀಗಾಗದಂತೆ ಒಂದು ಲಾಗ್ ಟ್ಯಾಬ್ ಮಾಡಿ ಅಕ್ಕ. ಆ್ಯಪ್ಸ್ ಸ್ಕ್ರಿಪ್ಟ್‌ನಲ್ಲಿ `onEdit` ಅಂತ ಫಂಕ್ಷನ್ ಬರೆದರೆ, ಯಾರು ಯಾವ ಸೆಲ್ ತಿದ್ದಿದರೂ ಹೆಸರು, ಸಮಯ, ಹಳೆಯದು, ಹೊಸದು ಎಲ್ಲ ತಾನಾಗಿ ಬರೆದುಕೊಳ್ಳುತ್ತದೆ. ಲಾಗ್ ಟ್ಯಾಬನ್ನು `Data > Protect sheets and ranges` ಕೊಟ್ಟು ನಿಮಗೊಬ್ಬರಿಗೇ ತಿದ್ದುವ ಹಕ್ಕು ಇಟ್ಟುಕೊಳ್ಳಿ. ಯಾರೂ ಅಳಿಸಲಾರರು.

ಮೂರ್ನಾಡು_ಲೆಕ್ಕ

ದಾರಿ ಒಳ್ಳೆಯದು ತಮ್ಮ, ಆದರೆ ಈ ಎರಡನ್ನೂ ಒಟ್ಟಿಗೆ ಮಾಡಿದರೆ ನಿಲ್ಲುತ್ತದೆ. ಸಾದಾ `onEdit` ಓಡುವುದು ತಿದ್ದುತ್ತಿರುವವರ ಹಕ್ಕಿನಲ್ಲೇ. ಅವರಿಗೆ ಲಾಗ್ ಟ್ಯಾಬ್ ತಿದ್ದುವ ಹಕ್ಕಿಲ್ಲದಿದ್ದರೆ ಸ್ಕ್ರಿಪ್ಟಿಗೂ ಇಲ್ಲ. ಪರದೆಯಲ್ಲಿ ಏನೂ ಗೊತ್ತಾಗುವುದಿಲ್ಲ, ಲಾಗ್ ಮಾತ್ರ ಖಾಲಿ. ಒಡೆಯರು ತಿದ್ದಿದಾಗ ಬರೆದುಕೊಳ್ಳುತ್ತದೆ, ಬೇರೆಯವರು ತಿದ್ದಿದಾಗ ಇಲ್ಲ. ಒಡೆಯರೇ ಪರೀಕ್ಷೆ ಮಾಡಿ ಸರಿ ಇದೆ ಅಂದುಕೊಳ್ಳುತ್ತಾರೆ. ಹಾಗಾಗಿ ಪರೀಕ್ಷೆ ಯಾವಾಗಲೂ ಇನ್ನೊಬ್ಬರ ಫೋನಿನಿಂದ ಮಾಡಿ.

ಫಂಕ್ಷನ್ನಿಗೆ ಬೇರೆ ಹೆಸರಿಟ್ಟು, ಸ್ಕ್ರಿಪ್ಟ್ ಪುಟದ `Triggers` ಒಳಗೆ ಹೋಗಿ `From spreadsheet`, `On edit` ಎಂದು ಕೈಯಾರೆ ಟ್ರಿಗರ್ ಹಾಕಿದರೆ ಅದು ಹಾಕಿದವರ ಹಕ್ಕಿನಲ್ಲಿ ಓಡುತ್ತದೆ. ಆಗ ಬೀಗ ಹಾಕಿದ ಟ್ಯಾಬಿಗೂ ಬರೆಯಬಲ್ಲದು.

```javascript
function logEdit(e) {
  const sh = e.range.getSheet();
  if (sh.getName() === 'ಲಾಗ್') return;
  e.source.getSheetByName('ಲಾಗ್').appendRow([
    new Date(), sh.getName(), e.range.getA1Notation(),
    e.oldValue ?? '', e.value ?? ''
  ]);
}
```

ಇದರಲ್ಲಿ ಹೆಸರಿನ ಕಾಲಂ ಇಲ್ಲದ್ದನ್ನು ಗಮನಿಸಿ. ಎಲ್ಲರೂ ಬೇರೆ ಬೇರೆ ಸಾಮಾನ್ಯ ಜಿಮೇಲ್ ಖಾತೆಯವರಾದರೆ, ತಿದ್ದಿದವರ ಇಮೇಲ್ ಸ್ಕ್ರಿಪ್ಟಿಗೆ ಹೆಚ್ಚಾಗಿ ಖಾಲಿಯಾಗಿಯೇ ಬರುತ್ತದೆ. ಇನ್ನೊಂದು ಮಿತಿ ಇದೆ. ಹಳೆಯ ಸಂಖ್ಯೆ ಸಿಗುವುದು ಒಂದೇ ಸೆಲ್ ತಿದ್ದಿದಾಗ ಮಾತ್ರ. ಹತ್ತು ಸೆಲ್ ಒಟ್ಟಿಗೆ ಪೇಸ್ಟ್ ಮಾಡಿದರೆ ಜಾಗ ಬರುತ್ತದೆ, ಹಳೆಯದು ಬರುವುದಿಲ್ಲ. ಒಂದು ಸಾಲನ್ನೇ ಅಳಿಸಿದರೆ ಈ ಟ್ರಿಗರ್ ಏಳುವುದೇ ಇಲ್ಲ. ಅಂದರೆ ಅತಿ ದೊಡ್ಡ ಹಾನಿ ಮಾಡುವ ಬದಲಾವಣೆಗಳಲ್ಲೇ ಈ ಲಾಗ್ ಅತಿ ಕಡಿಮೆ ಹೇಳುತ್ತದೆ. ಬೆಲೆ, ವಸ್ತುಗಳ ಪಟ್ಟಿ, ಇಂಥ ಅಪರೂಪಕ್ಕೆ ಬದಲಾಗುವ ಟ್ಯಾಬಿಗೆ ಇಟ್ಟುಕೊಳ್ಳಿ. ಸ್ಟಾಕಿಗೆ ಇದನ್ನೇ ನಂಬಬೇಡಿ.

ವಿರಾಜಪೇಟೆ_ಹುಡುಗ

ಟ್ರಿಗರ್ ಯಾರ ಹಕ್ಕಿನಲ್ಲಿ ಓಡುತ್ತದೆ ಅನ್ನುವುದು ನನಗೆ ಹೊಸದು ಸರ್. ಹಾಗಾದರೆ ಸ್ಟಾಕಿಗೆ ಏನು?

ಮೂರ್ನಾಡು_ಲೆಕ್ಕ

ಸಂಖ್ಯೆ ತಿದ್ದುವುದನ್ನೇ ನಿಲ್ಲಿಸುವುದು. ಬಂದದ್ದು, ಹೋದದ್ದು ಮಾತ್ರ ಬರೆಯುವುದು. ಉಳಿಕೆಯನ್ನು ಶೀಟ್ ಲೆಕ್ಕ ಹಾಕಲಿ.

ಒಂದು ಗೂಗಲ್ ಫಾರ್ಮ್ ಮಾಡಿ. ಅದರ ಸೆಟ್ಟಿಂಗ್ಸ್‌ನಲ್ಲಿ `Collect email addresses` ಅನ್ನು `Verified` ಮಾಡಿ. ಆಗ ಫಾರ್ಮ್ ತುಂಬಿದವರ ನಿಜವಾದ ಇಮೇಲ್ ದಾಖಲಾಗುತ್ತದೆ, ಸ್ಕ್ರಿಪ್ಟಿಗೆ ಸಿಗದ ಹೆಸರು ಇಲ್ಲಿ ಸಿಗುತ್ತದೆ. `Allow response editing` ಬೇಡ. ಅದನ್ನು ಆನ್ ಮಾಡಿದರೆ ಹಳೆಯ ಉತ್ತರವನ್ನೇ ತಿದ್ದಬಹುದು, ಆಗ ಶೀಟಿನ ಹಳೆಯ ಸಾಲೂ ಬದಲಾಗಿಬಿಡುತ್ತದೆ. ಪ್ರಶ್ನೆಗಳು ಐದೇ: ನಡೆದ ದಿನ, ವಸ್ತು, ಒಳಗೋ ಹೊರಗೋ, ಪ್ರಮಾಣ, ಟಿಪ್ಪಣಿ. ವಸ್ತು ಡ್ರಾಪ್‌ಡೌನ್ ಆಗಿರಲಿ. ಒಬ್ಬರು ಮೈಲುತುತ್ತ, ಇನ್ನೊಬ್ಬರು ಮೈಲ್‌ತುತ್ತ ಎಂದು ಬರೆದರೆ ಲೆಕ್ಕಕ್ಕೆ ಎರಡೂ ಬೇರೆ.

ಉತ್ತರಗಳು ಬೀಳುವ ಟ್ಯಾಬಿಗೆ ಚಲನೆ ಎಂದು ಹೆಸರಿಡಿ, ಬೀಗ ಹಾಕಿ. ಬೀಗವಿದ್ದರೂ ಫಾರ್ಮಿನ ಉತ್ತರ ಬಂದು ಬೀಳುತ್ತದೆ. ಅದರಲ್ಲಿ ಮೊದಲ ಎರಡು ಕಾಲಂ ಸಮಯ ಮತ್ತು ಇಮೇಲ್. ಹಾಗಾಗಿ ಡಿಯಲ್ಲಿ ವಸ್ತು, ಇಯಲ್ಲಿ ಒಳ/ಹೊರ, ಎಫ್‌ನಲ್ಲಿ ಪ್ರಮಾಣ. ಸ್ಟಾಕ್ ಟ್ಯಾಬಿನ ಸಿ2ರಲ್ಲಿ:

```
=SUMIFS('ಚಲನೆ'!F:F,'ಚಲನೆ'!D:D,A2,'ಚಲನೆ'!E:E,"ಒಳ")
 -SUMIFS('ಚಲನೆ'!F:F,'ಚಲನೆ'!D:D,A2,'ಚಲನೆ'!E:E,"ಹೊರ")
```

ಈಗ ಎಣಿಸಿ ಸಿಕ್ಕಿದ್ದನ್ನು ಆರಂಭದ ಎಣಿಕೆ ಎಂದು ಒಳ ನಮೂದು ಮಾಡಿ: ಮೈಲುತುತ್ತ 180, ಸುಣ್ಣ 185, ಹೀಗೆ. ನಾಳೆ ಯಾರಾದರೂ 20 ಬರೆಯುವಲ್ಲಿ 200 ಹೊರ ಎಂದು ಬರೆದರೆ, ಆ ಸಾಲು ಅಳಿಸಬೇಡಿ. 180 ಒಳ ಎಂದು ಇನ್ನೊಂದು ನಮೂದು ಮಾಡಿ, ಟಿಪ್ಪಣಿಯಲ್ಲಿ ಕಾರಣ ಬರೆಯಿರಿ. ಎಣಿಸುವಾಗ ಕಡಿಮೆ ಬಂದರೂ ಹಾಗೇ, 15 ಹೊರ, ಎಣಿಕೆಯ ವ್ಯತ್ಯಾಸ. ಆಗ ಸುಣ್ಣದ ಗೊಂದಲ ಮತ್ತೆ ಬರುವುದಿಲ್ಲ. ಎಣಿಸಿ ಬರೆದದ್ದೋ, ತೆಗೆದುಕೊಂಡು ಬರೆದದ್ದೋ ಎಂದು ಸಾಲೇ ಹೇಳುತ್ತದೆ.

ಗೋಣಿಕೊಪ್ಪ_ಅಕ್ಕ

ನಮ್ಮ ಸ್ವಸಹಾಯ ಸಂಘದಲ್ಲಿ ಇದೇ ತರಹ ಬೀಗ ಹಾಕಿದಾಗ ಬೇಜಾರಾಯಿತು. ಇಷ್ಟು ವರ್ಷ ನಾವೇ ಬರೆದದ್ದು, ಈಗ ನಮ್ಮನ್ನು ನಂಬುವುದಿಲ್ಲವೇ ಎಂದು ಹಿರಿಯರೊಬ್ಬರು ಕೇಳಿದರು. ಶೀಟಿಗೆ ಬೀಗ ಹಾಕುವುದು ಸುಲಭ, ಆ ಮಾತಿಗೆ ಉತ್ತರ ಕೊಡುವುದು ಕಷ್ಟ. ಪೂರ್ತಿ ತಡೆಯುವ ಬದಲು ಎಚ್ಚರಿಕೆ ತೋರಿಸುವ ಆಯ್ಕೆ ಇದೆಯಲ್ಲ, `Show a warning when editing this range`, ಅದು ಸಾಕಾಗುವುದಿಲ್ಲವೇ?

ಮೂರ್ನಾಡು_ಲೆಕ್ಕ

ಕೈತಪ್ಪಿ ಆಗುವುದಕ್ಕೆ ಎಚ್ಚರಿಕೆ ಸಾಕು. ಆದರೆ ಸರಿ ಎಂದು ಒತ್ತಿ ಮುಂದೆ ಹೋಗುವವರೇ ಹೆಚ್ಚು. ನನ್ನ ಅಭಿಪ್ರಾಯದಲ್ಲಿ ಚಲನೆ ಟ್ಯಾಬಿಗೆ ಪೂರ್ತಿ ಬೀಗ, ಸ್ಟಾಕ್ ಟ್ಯಾಬಿನ ಫಾರ್ಮುಲಾ ಕಾಲಂಗೂ ಬೀಗ, ಉಳಿದದ್ದಕ್ಕೆ ಎಚ್ಚರಿಕೆ. ಬೀಗ ಹಾಕಿದ ಭಾಗವೂ ಎಲ್ಲರಿಗೂ ಕಾಣುತ್ತದೆ, ಕಾಪಿ ಮಾಡಿಕೊಳ್ಳಲೂ ಬರುತ್ತದೆ. ಅದು ಗುಟ್ಟು ಕಾಯುವ ಬೀಗವಲ್ಲ, ಅದನ್ನು ಸಂಘದಲ್ಲಿ ಹೇಳಿ. ಪಟ್ಟಿಯನ್ನು ಬೇರೆ ಕ್ರಮದಲ್ಲಿ ನೋಡಬೇಕಾದವರಿಗೆ `Data > Create filter view` ತೋರಿಸಿಕೊಡಿ. ಅದರಲ್ಲಿ ಜೋಡಿಸಿದರೆ ಬೇರೆಯವರ ಪರದೆ ಕದಲುವುದಿಲ್ಲ. ಸಾರ್ಟ್ ಮಾಡಿದವರು ಬಹುಶಃ ಯಾವುದು ಮುಗಿಯುತ್ತಾ ಬಂದಿದೆ ಎಂದು ನೋಡಲು ಹೋಗಿದ್ದರು ಅಷ್ಟೇ.

ಗೋಣಿಕೊಪ್ಪ_ಅಕ್ಕ

ಆದರೂ ಫಾರ್ಮ್ ತುಂಬದವರು ಇದ್ದೇ ಇರುತ್ತಾರೆ. ಕೊನೆಗೆ ಎಲ್ಲರೂ ಒಬ್ಬರಿಗೇ ಫೋನ್ ಮಾಡಿ ಬರೆದುಕೋ ಎನ್ನುತ್ತಾರೆ. ಆಗ ಎಲ್ಲ ಸಾಲಿನಲ್ಲೂ ಒಂದೇ ಇಮೇಲ್. ನಿಮ್ಮ ಹೆಸರಿನ ಕಾಲಂಗೆ ಏನು ಬೆಲೆ?

ಮೂರ್ನಾಡು_ಲೆಕ್ಕ

ಅದು ಸರಿಯಾದ ಪ್ರಶ್ನೆ. ಕೊನೆಯಲ್ಲಿ, ಟಿಪ್ಪಣಿಯ ನಂತರ, ಯಾರಿಗೆ ಎನ್ನುವ ಪ್ರಶ್ನೆ ಸೇರಿಸಬಹುದು, ಆಗ ಫಾರ್ಮುಲಾದ ಕಾಲಂಗಳು ಕದಲುವುದಿಲ್ಲ. ಇಮೇಲ್ ಬರೆದವರದ್ದು, ಹೆಸರು ತೆಗೆದುಕೊಂಡವರದ್ದು. ಆದರೆ ಬಾಯಿಮಾತಿನಲ್ಲಿ ಬಂದ ಹೆಸರಿಗೆ ಸಾಕ್ಷಿ ಇರುವುದಿಲ್ಲ, ಅದನ್ನು ಶೀಟಿನಿಂದ ಸರಿಪಡಿಸಲು ಆಗುವುದಿಲ್ಲ.

ನಾಪೋಕ್ಲು_ತೋಟ

ನನಗೆ ಹೆಚ್ಚು ಭಯ ಮಳೆಗಾಲದ್ದು. ಜುಲೈನಲ್ಲಿ ನಮ್ಮಲ್ಲಿ ಕರೆಂಟ್ ಹೋದರೆ ಟವರ್ ಕೂಡ ಹೋಗುತ್ತದೆ, ಎಷ್ಟೋ ಸಲ ದಿನಗಟ್ಟಲೆ. ಆಗ ಫಾರ್ಮ್ ತೆರೆಯುವುದೇ ಇಲ್ಲ.

ಸೋಮವಾರಪೇಟೆ_ಹಿರಿಯ

ಬಾಗಿಲ ಹಿಂದೆ ಒಂದು ನೋಟ್‌ಬುಕ್ಕು ದಾರದಲ್ಲಿ ಕಟ್ಟಿ ಪೆನ್ಸಿಲ್ ಇಡಿ. ಪೆನ್ನಿನ ಶಾಯಿ ಆ ತೇವದಲ್ಲಿ ನಿಲ್ಲುವುದಿಲ್ಲ. ನೆಟ್ ಬಂದಾಗ ನೋಡಿ ಏರಿಸಿ, ಏರಿಸಿದ ಸಾಲಿಗೆ ಗೆರೆ ಹಾಕಿ, ಎರಡು ಸಲ ಏರದ ಹಾಗೆ.

ಮೂರ್ನಾಡು_ಲೆಕ್ಕ

ಅಂಕಲ್ ಹೇಳಿದ್ದು ಸರಿ. ಫಾರ್ಮಿನಲ್ಲಿ ನಡೆದ ದಿನ ಎನ್ನುವ ಪ್ರಶ್ನೆ ಇಟ್ಟದ್ದು ಅದಕ್ಕೇ. ತಾನಾಗಿ ಬೀಳುವ ಸಮಯ ಏರಿಸಿದ ಸಮಯ. ಎರಡರ ಮಧ್ಯೆ ಅಂತರ ಇದ್ದರೆ ಅದು ನೋಟ್‌ಬುಕ್ಕಿನಿಂದ ಬಂದದ್ದು ಎಂದು ಗೊತ್ತಾಗುತ್ತದೆ. ಟಿಪ್ಪಣಿಯಲ್ಲಿ ಪುಟದ ಸಂಖ್ಯೆ ಬರೆದರೆ ಇನ್ನೂ ಒಳ್ಳೆಯದು.

ಕುಶಾಲನಗರ_ಅಂಗಡಿ

ಮೇಲೆ ಹುಡುಗ ಬ್ಯಾಕಪ್ ಬೇಡ ಅಂದ. ಅದು ನಿಜವಾ? ಫೈಲೇ ಹೋದರೆ?

ಮೂರ್ನಾಡು_ಲೆಕ್ಕ

ಫೈಲಿನ ಜೊತೆ ಇತಿಹಾಸವೂ ಹೋಗುತ್ತದೆ. ಒಡೆಯರು ಅಳಿಸಿದರೆ ಟ್ರ್ಯಾಶ್‌ನಲ್ಲಿ 30 ದಿನ, ಆಮೇಲೆ ಇಲ್ಲ. ಫೈಲನ್ನು ಕಾಪಿ ಮಾಡಿದರೂ ಹಳೆಯ ಇತಿಹಾಸ ಕಾಪಿಗೆ ಬರುವುದಿಲ್ಲ. ತಿಂಗಳಿಗೊಮ್ಮೆ ಎಣಿಕೆ ಮುಗಿದ ದಿನ `File > Download` ಕೊಟ್ಟು ಒಂದು ಪ್ರತಿ ಬೇರೆಯವರ ಕಂಪ್ಯೂಟರಿನಲ್ಲಿ ಇಡಿ. ಅದೇ ದಿನ ಆವೃತ್ತಿಗೂ ಹೆಸರಿಡಿ. ಒಂದು ಶೀಟಿಗೆ 15 ಹೆಸರಿನ ಆವೃತ್ತಿ ಮಾತ್ರ ಇಡಬಹುದು, ಸಣ್ಣಪುಟ್ಟದಕ್ಕೆಲ್ಲ ಖರ್ಚು ಮಾಡಬೇಡಿ.

ಈಗ ಫೈಲಿನ ಒಡೆತನ ಯಾರ ಖಾತೆಯಲ್ಲಿದೆ?

ನಾಪೋಕ್ಲು_ತೋಟ

ಬೆಂಗಳೂರಿಗೆ ಹೋದ ನಮ್ಮ ಹಳೆಯ ಕಾರ್ಯದರ್ಶಿಯ ಮಗನ ಖಾತೆಯಲ್ಲಿ. ಅವನೇ ಮಾಡಿಕೊಟ್ಟದ್ದು. ಆ ಖಾತೆ ಅವನು ಈಗ ಬಳಸುತ್ತಾನೋ ಇಲ್ಲವೋ ಕೇಳಬೇಕು.

ಮೂರ್ನಾಡು_ಲೆಕ್ಕ

ಇವತ್ತೇ ಕೇಳಿ. ಎರಡು ವರ್ಷ ಬಳಸದ ಖಾತೆಯನ್ನು ಗೂಗಲ್ ಅಳಿಸಬಹುದು, ಅದರಲ್ಲಿರುವ ಫೈಲ್‌ಗಳ ಸಮೇತ. ಅವನು ಶೇರ್ ಪಟ್ಟಿಯಲ್ಲಿ ನಿಮ್ಮ ಹೆಸರಿನ ಎದುರು `Transfer ownership` ಕೊಡಬೇಕು, ನೀವು ಒಪ್ಪಿಕೊಂಡ ಮೇಲೆ ಫೈಲ್ ನಿಮ್ಮದಾಗುತ್ತದೆ. ಹೊಸ ಫಾರ್ಮನ್ನೂ ಟ್ರಿಗರನ್ನೂ ಅದಾದ ಮೇಲೆ ನಿಮ್ಮ ಖಾತೆಯಿಂದಲೇ ಮಾಡಿ.

ನಾಪೋಕ್ಲು_ತೋಟ

ಅವನಿಗೆ ಮೆಸೇಜ್ ಹಾಕಿದ್ದೇನೆ ಸರ್. ಎಲ್ಲರನ್ನೂ ಇನ್ನೂ `Viewer` ಆಗಿಯೇ ಇಟ್ಟಿದ್ದೇನೆ. ಸಂಘದ ಸಭೆ ಭಾನುವಾರ, ಬೀಗದ ವಿಷಯ ಅಲ್ಲೇ ತೀರ್ಮಾನ ಆಗಬೇಕು. ಅಲ್ಲಿಯವರೆಗೆ ನೋಟ್‌ಬುಕ್ಕು.